ಖಣದ ದಾಖಲಾತಿ: ಒಂದೇ ಬಜೆಟ್ಟಿಗೆ ಮೂರು ಮೊತ್ತ

ಸೋಮವಾರ ರಾತ್ರಿ, ನವನಗರ, ಬಾಗಲಕೋಟೆ

ಗುಳೇದಗುಡ್ಡದ ಕೈಮಗ್ಗದ ರವಿಕೆ ಬಟ್ಟೆ ಖಣದ ನಮೂನೆಗಳನ್ನು ದಾಖಲಿಸುವ ನಮ್ಮ ಕೆಲಸಕ್ಕೆ ಅನುದಾನ ಕೇಳುವ ಪ್ರಸ್ತಾವನೆ ಕೊನೆಗೂ ಒಂದು ಫೈಲಾಗಿ ಕೈಗೆ ಬಂತು. ಬರೆದವರು ಮೂವರು. ವಿವರಣೆ ಕನ್ನಡ ಮಾಸ್ತರರದು, ಸಾರಾಂಶ ಪಟ್ಟಿ ಫೋಟೊ ತೆಗೆಯುವ ಹುಡುಗನದು, ಅನುಬಂಧಗಳು ನೇಕಾರರ ಮನೆಮನೆಗೆ ಹೋಗಿ ಕೇಳಿಕೊಂಡು ಬಂದ ಅಕ್ಕನವರದು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು ಎಂಬ ಒಂದೇ ತಪ್ಪಿಗೆ ಲೆಕ್ಕ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಎರಡನೇ ಪುಟದ ವಿವರಣೆಯಲ್ಲಿ ಕೇಳಿದ ಮೊತ್ತ ರೂ. 9,29,500. ಸಾರಾಂಶ ಪಟ್ಟಿಯ ಕೆಳಗೆ ರೂ. 8,53,600. ಐದು ಅನುಬಂಧಗಳನ್ನು ನಾನೇ ಕೂಡಿಸಿ ಶೇ 10 ಆಡಳಿತ ವೆಚ್ಚ ಸೇರಿಸಿದರೆ ರೂ. 9,88,900.

ಮಾಸ್ತರರಿಗೆ ಫೋನ್ ಮಾಡಿದೆ. "ಪಟ್ಟಿಯೊಳಗ ‘ಇತರೆ’ ಅಂತ ಒಂದ್ ಸಾಲು ಹಾಕಿ ಹೊಂದಿಸಿಬಿಡ್ರಿ ಸರ" ಅಂದರು. ಆ ಸಾಲನ್ನು ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ, ಇಲ್ಲವಾಗುವುದಿಲ್ಲ. ನಾಳೆ ಖರ್ಚಿನ ಲೆಕ್ಕ ಒಪ್ಪಿಸುವಾಗ ಆ ‘ಇತರೆ’ಗೆ ಬಿಲ್ಲು ತರುವವರು ಯಾರು?

ಮೊದಲು ವಿವರಣೆಗೂ ಅನುಬಂಧಕ್ಕೂ ಇರುವ ವ್ಯತ್ಯಾಸ ಹಿಡಿದೆ: ರೂ. 59,400. ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಹಳೆಯ ಲೆಜರ್ ಕಾಲದ ಬುದ್ಧಿ ತಟ್ಟನೆ ಎದ್ದು ಕೂತಿತು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಎರಡು ಅಂಕಿ ಅದಲುಬದಲು ಬರೆದಿದ್ದಾರೆ, 54ಕ್ಕೆ 45 ಅಂದಹಾಗೆ. ಒಂದೂವರೆ ಗಂಟೆ ಅಂಥ ಜೋಡಿ ಹುಡುಕಿದೆ. ಸಿಗಲಿಲ್ಲ. ಮಲಗಿದೆ.

ಮಂಗಳವಾರ

ಬೆಳಗ್ಗೆ ಚಹಾ ಕುಡಿಯುವಾಗ ಹೊಳೆಯಿತು. ನಾನು ಆಡಳಿತ ವೆಚ್ಚ ಸೇರಿದ ಮೊತ್ತಗಳನ್ನು ಹೋಲಿಸುತ್ತ ಕೂತಿದ್ದೆ. ಅನುದಾನ ಕೊಡುವವರ ನಿಯಮದಂತೆ ಆಡಳಿತ ವೆಚ್ಚ ಎಂದರೆ ನೇರ ವೆಚ್ಚದ ಶೇ 10. ಹಾಗಾಗಿ ಕೆಳಗೆ ಒಂದು ಸಾಲಿನಲ್ಲಿ ನೂರು ರೂಪಾಯಿ ತಪ್ಪಿದರೆ ಮೇಲೆ ನೂರಾಹತ್ತಾಗಿ ಕಾಣುತ್ತದೆ, ಮೂಲ ಅಂಕಿ ಗುರುತೇ ಸಿಗುವುದಿಲ್ಲ. 59,400ನ್ನು 1.1ರಿಂದ ಭಾಗಿಸಿದೆ. 54,000 ಬಂತು.

ಇದು ನೋಡಿದ ಕೂಡಲೇ ಗುರುತು ಹತ್ತುವ ಅಂಕಿ. ಕ್ಷೇತ್ರ ಸಂಯೋಜಕರ ತಿಂಗಳ ಸಂಬಳ 18,000. ಮೂರು ತಿಂಗಳಿಗೆ 54,000. ಅನುಬಂಧ 1ರಲ್ಲಿ 18 ತಿಂಗಳು ಇದೆ, ಮಾಸ್ತರರ ವಿವರಣೆ 15 ತಿಂಗಳ ಯೋಜನೆಯದು. ಮಳೆಗಾಲದ ನಂತರ ಅವಧಿ ಹೆಚ್ಚಿಸಿದ್ದು ಅವರಿಗೆ ಗೊತ್ತಿತ್ತು, ಆದರೆ ಹಳೆಯ ಕರಡಿನ ಮೇಲೆಯೇ ಭಾಷೆ ತಿದ್ದುತ್ತ ಹೋಗಿದ್ದರು. ಒಂಬತ್ತರ ಸೂತ್ರ ನನಗೆ ಯಾಕೆ ಕೈಕೊಟ್ಟಿತೆಂಬುದೂ ಆಗ ತಿಳಿಯಿತು. 18,000 ತಾನೇ ಒಂಬತ್ತರ ಗುಣಕ. ಎಷ್ಟು ತಿಂಗಳು ಹೆಚ್ಚುಕಡಿಮೆಯಾದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ಇಂಥ ದರ ಇರುವ ಬಜೆಟ್ಟಿನಲ್ಲಿ ಆ ಸೂತ್ರವನ್ನು ನಂಬಬಾರದು.

ಬುಧವಾರ

ಈಗ ಸಾರಾಂಶ ಪಟ್ಟಿ. ವ್ಯತ್ಯಾಸ ರೂ. 1,35,300, ಆಡಳಿತ ವೆಚ್ಚ ಕಳಚಿದರೆ 1,23,000. ಅನುಬಂಧಗಳಲ್ಲಿ ಎಲ್ಲಿ ಹುಡುಕಿದರೂ ಈ ಅಂಕಿ ಇಲ್ಲ, ಯಾವ ದರದ ಗುಣಕವಾಗಿಯೂ ಹೊಂದುವುದಿಲ್ಲ. ಅಂದರೆ ಒಂದು ತಪ್ಪಲ್ಲ, ಎರಡು ಕೂಡಿಕೊಂಡಿವೆ. ಮೊತ್ತ ಬಿಟ್ಟು ಸಾಲುಸಾಲಾಗಿ ಇಳಿದೆ.

ಸಲಕರಣೆಯ ಸಾಲಿನಲ್ಲಿ ಮೊದಲನೆಯದು ಸಿಕ್ಕಿತು. ಅನುಬಂಧ 3ರಲ್ಲಿ ಕ್ಯಾಮೆರಾ, ಸ್ಕ್ಯಾನರ್, ಹಾರ್ಡ್ ಡಿಸ್ಕ್ ಸೇರಿ 1,77,000, ಪಟ್ಟಿಯಲ್ಲಿ 1,50,000. ಹುಡುಗ ಕೊಟೇಶನ್ನಿನ ಜಿಎಸ್‌ಟಿ ಸೇರದ ಸಾಲನ್ನು ಎತ್ತಿಕೊಂಡಿದ್ದ. "ಜಿಎಸ್‌ಟಿ ವಾಪಸ್ ಬರ್ತೈತಲ್ರೀ ಅಂಕಲ್" ಅಂದ. ಅಂಗಡಿಯವರಿಗೆ ಬರುತ್ತದೆ. ನಮ್ಮ ಸಂಘಕ್ಕೆ ಜಿಎಸ್‌ಟಿ ನೋಂದಣಿಯೇ ಇಲ್ಲ, ಆದ್ದರಿಂದ ಆ ಶೇ 18 ಅಂದರೆ 27,000 ನಮ್ಮ ಜೇಬಿನಿಂದಲೇ ಹೋಗುವ ಖರ್ಚು. ಬಜೆಟ್ಟಿನಲ್ಲಿ ಬರೆಯದಿದ್ದರೆ ಸ್ಕ್ಯಾನರ್ ಕೊಳ್ಳುವ ದಿನ ವಂತಿಗೆ ಎತ್ತುವುದೇ ಗತಿ.

ಉಳಿದದ್ದು 96,000. ಇದು ನೇಕಾರರ ಗೌರವಧನ: 40 ಮಂದಿ, ತಲಾ 3 ದಿನ, ದಿನಕ್ಕೆ 800. ವಿಚಿತ್ರವೆಂದರೆ ಪಟ್ಟಿಯಲ್ಲಿ ಆ ಸಾಲು ಇತ್ತು, 96,000 ಎಂದು ಸ್ಪಷ್ಟವಾಗಿಯೇ ಇತ್ತು. ಸಾಲು ಸರಿ, ಮೊತ್ತ ತಪ್ಪು! ಮುದ್ರಿಸಿದ ಕಾಗದ ನೋಡಿದರೆ ಇದು ಯಾರಿಗೂ ಕಾಣುವುದಿಲ್ಲ, ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿಸಿದರೆ ಮಾತ್ರ ಗೊತ್ತಾಗುತ್ತದೆ. ಎಕ್ಸೆಲ್ ಫೈಲ್ ತರಿಸಿಕೊಂಡು ನೇರ ವೆಚ್ಚದ ಮೊತ್ತದ ಮನೆಯ ಮೇಲೆ ಎರಡು ಸಲ ಒತ್ತಿದೆ.

```
=SUM(C4:C7)
```

ಬಣ್ಣದ ಚೌಕಟ್ಟು ಮುದ್ರಣದ ಸಾಲಿಗೇ ನಿಂತಿತ್ತು. ಗೌರವಧನದ ಸಾಲು ಆಮೇಲೆ ನೆನಪಾಗಿ ಕೊನೆಯ ಸಾಲಿನ ಕೆಳಗೆ, ಮೊತ್ತದ ಮೇಲೆ ಸೇರಿಸಿದ್ದು; ಅದು C8. ನಡುವೆ ಸೇರಿಸಿದ್ದರೆ ಸೂತ್ರ ತಾನೇ ಹಿಗ್ಗುತ್ತಿತ್ತು, ಅಂಚಿನಲ್ಲಿ ಸೇರಿಸಿದ್ದರಿಂದ ಹೊರಗೇ ಉಳಿಯಿತು. ನೇಕಾರರನ್ನು ಎಲ್ಲರೂ ಕೊನೆಗೆ ನೆನಪು ಮಾಡಿಕೊಳ್ಳುತ್ತಾರೆ ಅನ್ನುವುದಕ್ಕೆ ಎಕ್ಸೆಲ್ ಕೂಡ ಸಾಕ್ಷಿ ಹೇಳಿತು.

ಈಗ ಪಟ್ಟಿಯಲ್ಲಿ ಅಂಕಿ ಟೈಪ್ ಮಾಡುವುದನ್ನೇ ನಿಲ್ಲಿಸಿದ್ದೇವೆ. ಪ್ರತಿ ಮನೆಯೂ ಅನುಬಂಧದ ಮೊತ್ತದಿಂದ ನೇರವಾಗಿ ಎಳೆದುಕೊಳ್ಳುತ್ತದೆ.

ಗುರುವಾರ

ಲೆಕ್ಕ ಕೂಡಿತು, ತಲೆನೋವು ಶುರುವಾಯಿತು. ಅನುದಾನದ ಮಿತಿ ರೂ. 9,50,000. ವಿವರಣೆಯ 9,29,500 ಅದರೊಳಗೆ ಕೂತಿತ್ತು, ಪಟ್ಟಿಯ 8,53,600 ಇನ್ನೂ ಹಾಯಾಗಿ ಕೂತಿತ್ತು, ಅದಕ್ಕೇ ಯಾರೂ ಗಾಬರಿಯಾಗಿರಲಿಲ್ಲ. ನಿಜವಾದ 9,88,900 ಮಿತಿ ದಾಟಿದೆ, 38,900 ಹೆಚ್ಚು. ಇಲ್ಲೂ 1.1ರಿಂದ ಭಾಗಿಸಿದೆ: ನೇರ ವೆಚ್ಚದಲ್ಲಿ ಸುಮಾರು 35,400 ಕಡಿತ ಮಾಡಿದರೆ ಸಾಕು.

ಹುಡುಗ ಗೌರವಧನದ ಕಡೆ ಬೆರಳು ತೋರಿಸಿದ. ಅಕ್ಕನವರು ಬಿಡಲಿಲ್ಲ. "ಮಗ್ಗ ನಿಲ್ಲಿಸಿ ನಮ್ಮ ಮುಂದ ಕುಂದರ್ತಾರಪಾ ಅವ್ರು. ಆ ದಿನದ ಕೂಲಿ ಯಾರ್ ಕೊಡ್ತಾರ?" ಸಂಯೋಜಕರ ಎರಡು ತಿಂಗಳು ತೆಗೆದರೆ ಅಂಕಿ ಸರಿಹೋಗುತ್ತದೆ, ಆದರೆ ಪುಸ್ತಿಕೆ ಅಚ್ಚಿಗೆ ಹೋಗುವುದೇ 17ನೇ ತಿಂಗಳು; ತೇರು, ಸೂಜಿ ಮಲ್ಲಿಗೆ ನಮೂನೆಗಳ ಕರಡಚ್ಚನ್ನು ನೇಕಾರರಿಗೆ ತೋರಿಸಿ ಒಪ್ಪಿಗೆ ಪಡೆಯುವವರು ಯಾರು? ಆಗ ಅನುಬಂಧ 2 ತೆರೆದೆ. ಪ್ರವಾಸ: ಬಾಗಲಕೋಟೆಯಿಂದ ಗುಳೇದಗುಡ್ಡಕ್ಕೆ ಬಾಡಿಗೆ ಗಾಡಿ, 60 ಸಲ, ಸಲಕ್ಕೆ 1,200, ಒಟ್ಟು 72,000. ಇದನ್ನು ಬರೆದಾಗ ಸಂಯೋಜಕರು ಬಾಗಲಕೋಟೆಯವರಾಗಬೇಕಿತ್ತು. ಈಗ ಒಪ್ಪಿಕೊಂಡಿರುವವರು ಗುಳೇದಗುಡ್ಡದವರೇ, ಓಣಿಯಿಂದ ಓಣಿಗೆ ನಡೆದು ಹೋಗುತ್ತಾರೆ. ಕ್ಯಾಮೆರಾ ಒಯ್ಯುವ ದಿನಗಳಿಗೆ 30 ಸಲ ಸಾಕೆಂದು ಎಲ್ಲರೂ ಒಪ್ಪಿದರು. 36,000 ಕಡಿಮೆಯಾಯಿತು. ನೇರ ವೆಚ್ಚ 8,63,000, ಆಡಳಿತ 86,300, ಒಟ್ಟು 9,49,300.

ರಾತ್ರಿ ವಿವರಣೆಯಲ್ಲಿ ಹಳೆಯ ಮೊತ್ತ ಹುಡುಕಿ ಬದಲಿಸುತ್ತ ಕೂತೆ. 9,29,500 ಎಂದು ಹುಡುಕಿದರೆ ಎರಡೇ ಕಡೆ ಸಿಕ್ಕಿತು. ಆಮೇಲೆ ಓದುತ್ತ ಹೋದಂತೆ ಮುಖಪತ್ರದಲ್ಲಿ ಅಕ್ಷರದಲ್ಲಿ ಒಂದು, ಆರನೇ ಪುಟದಲ್ಲಿ ‘ಸುಮಾರು 9.3 ಲಕ್ಷ’ ಎಂದು ಒಂದು, ಕೊನೆಗೆ ಮಾಸ್ತರರು ಅಭಿಮಾನದಿಂದ ಕನ್ನಡ ಅಂಕಿಯಲ್ಲೇ ಬರೆದ ೯,೨೯,೫೦೦ ಒಂದು. ಕಂಪ್ಯೂಟರಿನ ಹುಡುಕಾಟಕ್ಕೆ ಈ ಮೂರೂ ಸಿಗುವಂಥವಲ್ಲ. ಅವಧಿ ‘15 ತಿಂಗಳು’ ಎಂದಿದ್ದ ಜಾಗಗಳನ್ನೂ ಹೀಗೇ ಕಣ್ಣಲ್ಲೇ ಓದಿ ತಿದ್ದಿದೆ, ನಾಲ್ಕು ಇದ್ದವು.

ನಾಳೆ ಮೂವರೂ ನಮ್ಮ ಮನೆಗೆ ಬರುತ್ತಾರೆ. ಒಬ್ಬರು ಅನುಬಂಧ ಓದುವುದು, ಇನ್ನೊಬ್ಬರು ಪಟ್ಟಿ, ಮಾಸ್ತರರು ವಿವರಣೆ, ನಾನು ಕ್ಯಾಲ್ಕ್ಯುಲೇಟರ್. ಆಮೇಲೆ ಸಹಿ.