ಬ್ಯಾಂಕಿನಿಂದ ಹೋದ ಹಣ, ಖಾತೆಗೆ ಬಾರದ ಹಣ

ಬಾಗಲಕೋಟೆಯ ನವನಗರದಲ್ಲಿ ನಾನು ಕೆಲಸ ಮಾಡುವ ಷೇರು ಬ್ರೋಕರ್ ಕಚೇರಿಗೆ ನಿವೃತ್ತ ಉಪನ್ಯಾಸಕರೊಬ್ಬರು ಬೆಳಿಗ್ಗೆಯೇ ಬಂದರು. ಹಿಂದಿನ ದಿನ ಬ್ಯಾಂಕಿನ ಶಾಖೆಯಲ್ಲಿ ಫಾರ್ಮ್ ತುಂಬಿ ಎನ್‌ಇಎಫ್‌ಟಿ ಮೂಲಕ ಕಳಿಸಿದ್ದ 1,50,000 ರೂಪಾಯಿ ಅವರ ಟ್ರೇಡಿಂಗ್ ಖಾತೆಯಲ್ಲಿ ಕಾಣಿಸಿರಲಿಲ್ಲ. "ಬ್ಯಾಂಕ್‌ನ್ಯಾವ್ರು ರೊಕ್ಕ ಹೋಗೇತಿ ಅಂತಾರ, ನಿಮ್ಮ ಆ್ಯಪ್‌ನ್ಯಾಗ ಬಂದಿಲ್ಲರೀ" ಎಂದರು.

ಎನ್‌ಇಎಫ್‌ಟಿ ಅರ್ಧ ಗಂಟೆಗೊಂದು ಬ್ಯಾಚಿನಂತೆ ಹಗಲಿರುಳೂ ನಡೆಯುತ್ತದೆ. ಬ್ಯಾಚ್ ಇತ್ಯರ್ಥವಾದ ಎರಡು ಗಂಟೆಯೊಳಗೆ ಹಣ ಜಮೆಯಾಗಬೇಕು, ಇಲ್ಲವೇ ಕಳಿಸಿದವರಿಗೆ ಮರಳಬೇಕು. ಇವರಿಗೆ ಮರಳಿರಲಿಲ್ಲವಾದ್ದರಿಂದ ಹಣ ನಮ್ಮ ಬ್ಯಾಂಕ್ ಖಾತೆಯಲ್ಲಿಯೇ ವಾರಸುದಾರರಿಲ್ಲದೆ ಕುಳಿತಿರಬಹುದೆಂಬ ಸಂಶಯ ನನಗೆ ಬಂತು. ಅವರ ಕೈಯಲ್ಲಿದ್ದ ಚೀಟಿಯ ಸಂಖ್ಯೆ ಶಾಖೆಯ ಆಂತರಿಕ ವಹಿವಾಟಿನದಾಗಿತ್ತು, ಅದರಿಂದ ನಮಗೆ ಉಪಯೋಗವಿರಲಿಲ್ಲ. ಬೇಕಾದದ್ದು ಯುಟಿಆರ್, ಅಂದರೆ ಬ್ಯಾಂಕುಗಳ ನಡುವಿನ ಪ್ರತಿ ವರ್ಗಾವಣೆಯನ್ನು ಗುರುತಿಸುವ ಸಂಖ್ಯೆ; ಎನ್‌ಇಎಫ್‌ಟಿಯಲ್ಲಿ ಅದು 16 ಅಕ್ಷರ-ಅಂಕಿಗಳದ್ದು. ಪಾಸ್‌ಬುಕ್ ಮುದ್ರಿಸಿಕೊಂಡು ಬಂದ ಮೇಲೆ ಅದು ವಿವರಣೆಯ ಸಾಲಿನಲ್ಲಿಯೇ ಸಿಕ್ಕಿತು.

ಕೇಂದ್ರ ಕಚೇರಿಗೆ ಆ ಸಂಖ್ಯೆ ಕೊಟ್ಟಾಗ, ಹೊಂದಾಣಿಕೆಯಾಗದ ಜಮೆಗಳ ಪಟ್ಟಿಯಲ್ಲಿ ಅವರ ಹಣ ಸಿಕ್ಕಿತು. ಗ್ರಾಹಕರು ಆ್ಯಪ್‌ನಿಂದಲೇ ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಹಣ ಹಾಕಿದರೆ, ಯಾರ ಬೇಡಿಕೆ ಯಾವುದೆಂಬ ಗುರುತು ಹಣದೊಂದಿಗೇ ಬರುತ್ತದೆ. ಶಾಖೆಯಿಂದ ಬರುವ ಎನ್‌ಇಎಫ್‌ಟಿಗೆ ಆ ಗುರುತಿಲ್ಲ. ಆದ್ದರಿಂದ ಕಳಿಸಿದವರ ಖಾತೆ ಸಂಖ್ಯೆಯನ್ನೂ ಹೆಸರನ್ನೂ ಗ್ರಾಹಕರು ನೋಂದಾಯಿಸಿದ ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡಲಾಗುತ್ತದೆ. ಷರಾದಲ್ಲಿ ಗ್ರಾಹಕ ಸಂಖ್ಯೆ ಬರೆದಿದ್ದರೂ ಅಷ್ಟಕ್ಕೇ ಜಮೆ ಮಾಡುವಂತಿಲ್ಲ, ಏಕೆಂದರೆ ಬೇರೆಯವರ ಹಣವನ್ನು ಗ್ರಾಹಕರ ಖಾತೆಗೆ ಸ್ವೀಕರಿಸಲು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮ ಬಿಡುವುದಿಲ್ಲ. ಈ ನಿಯಮ ಕಿರಿಕಿರಿ ಎನಿಸಿದರೂ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ನೋಂದಣಿಯಾಗಿದ್ದುದು ಅವರ ಪಿಂಚಣಿ ಖಾತೆ. ಹಣ ಬಂದದ್ದು ಪತಿ-ಪತ್ನಿಯರ ಜಂಟಿ ಖಾತೆಯಿಂದ, ಮತ್ತು ಅದರಲ್ಲಿ ಮೊದಲ ಹೆಸರು ಪತ್ನಿಯದಾದ್ದರಿಂದ ಬ್ಯಾಂಕಿನ ಸಂದೇಶದಲ್ಲಿ ಆ ಹೆಸರೊಂದೇ ಇತ್ತು. ಇಬ್ಬರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮತ್ತು ಈ ವಹಿವಾಟು ಕಾಣುವ ಸ್ಟೇಟ್‌ಮೆಂಟ್ ತರಿಸಿ ಕಳಿಸಿದೆವು; ಅದರಲ್ಲಿ ಅವರ ಹೆಸರು ಇಲ್ಲದೇ ಹೋಗಿದ್ದರೆ ಹಣ ಬಂದ ಖಾತೆಗೇ ಮರಳುತ್ತಿತ್ತು. ಮಧ್ಯಾಹ್ನ ಜಮೆಯಾಯಿತು. ಜಂಟಿ ಖಾತೆಯನ್ನು ಎರಡನೆಯ ಬ್ಯಾಂಕ್ ಖಾತೆಯಾಗಿ ಸೇರಿಸಲು ಅರ್ಜಿಗೂ ಸಹಿ ಮಾಡಿಸಿಕೊಂಡೆ. ಆದರೆ ಹಿಂಪಡೆಯುವ ಹಣ ಪ್ರಧಾನ ಖಾತೆಗೆ, ಅಂದರೆ ಪಿಂಚಣಿ ಖಾತೆಗೇ ಹೋಗುತ್ತದೆ ಎಂದು ತಿಳಿಸಿದಾಗ ಅವರು ಕ್ಷಣ ಯೋಚಿಸಿ, "ಹಂಗಾರ ಇದನ್ನ ಮನಿಯಾಗ ಮೊದಲ ಹೇಳಿಬಿಡತೇನ್ರೀ" ಎಂದು ನಗುತ್ತ ಎದ್ದರು.