ತಮಾಷೆಗೆ ಬದಲಿಸಿದ ಮುಖ, ಆಮೇಲೆ ಬರೆಯೋ ಪತ್ರ

"ಮೇಡಂ, ಸುಮ್ನೆ ತಮಾಷೆಗೆ ಫ್ರೆಂಡ್ ಮುಖಾನ ಬೇರೆ ಫೋಟೋಗೆ ಸೇರಿಸಿ ವಾಟ್ಸಾಪ್ ಸ್ಟೇಟಸ್ ಹಾಕ್ಬಿಟ್ಟೆ. ಅವಳು ಮಾತೇ ಬಿಟ್ಟಿದ್ದಾಳೆ. ಸಾರಿ ಅಂತ ಹೇಗೆ ಬರೀಲಿ?"

ಪೆನ್ನು ಹಿಡಿಯೋ ಮುಂಚೆ ಫೋನ್ ಹಿಡಿ. ಸ್ಟೇಟಸ್ ಇನ್ನೂ ಇದ್ದರೆ, ಯಾರ್ಯಾರು ನೋಡಿದ್ದಾರೆ ಅನ್ನೋ ಪಟ್ಟಿ ಬರೆದಿಟ್ಟುಕೊಂಡು ತಕ್ಷಣ ಡಿಲೀಟ್ ಮಾಡು. ಡಿಲೀಟ್ ಆದಮೇಲೆ ಆ ಪಟ್ಟಿ ಸಿಗಲ್ಲ. ರೀಡ್ ರಿಸಿಪ್ಟ್ ಆಫ್ ಇಟ್ಟವರ ಹೆಸರು ಅದರಲ್ಲಿ ಬರೋದೂ ಇಲ್ಲ, ಹಾಗಾಗಿ ಅದು ಪೂರ್ತಿ ಲೆಕ್ಕ ಅಂದ್ಕೋಬೇಡ. ಗ್ರೂಪಿಗೂ ಹಾಕಿದ್ದರೆ, ಸುಮಾರು ಎರಡು ದಿನದೊಳಗೆ ಎಲ್ಲರ ಫೋನಿನಿಂದಲೂ ಆ ಮೆಸೇಜ್ ತೆಗೀಬಹುದು. ಆದರೆ ಗ್ಯಾಲರಿಗೆ ಇಳಿಸಿಕೊಂಡಿದ್ದು, ಫಾರ್ವರ್ಡ್ ಆಗಿದ್ದು ಅಲ್ಲೇ ಇರುತ್ತೆ.

ದಾವಣಗೆರೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಗಾಜಿನ ಮನೆಯಲ್ಲಿ ತೆಗೆದ ಗೆಳತಿಯ ಫೋಟೋದಿಂದ ಮುಖ ಎತ್ತಿ, ಹಾರ ಹಾಕ್ಕೊಂಡು ನಿಂತ ಮದುಮಗಳಿಗೆ ಕೂರಿಸಿದ್ದಳು. ಕೆಳಗೆ "ಫಿಕ್ಸ್ ಆಯ್ತು" ಅಂತ ಒಕ್ಕಣೆ ಬೇರೆ. ಹರಿಹರದಿಂದ ಗೆಳತಿಯ ಸೋದರತ್ತೆ ಫೋನ್ ಮಾಡಿ "ನಮಗೊಂದು ಮಾತು ಹೇಳ್ಲಿಲ್ಲಲ್ಲ" ಅಂದರು. ಆ ಸಂಜೆ ಮನೇಲಿ ಅಮ್ಮ "ಯಾರೇ ಅವನು?" ಅಂತ ಶುರು ಮಾಡಿದರು. ಇವಳು ಮೊದಲು ಬರೆದು ತಂದ ಪತ್ರದಲ್ಲಿ ಇದ್ಯಾವುದೂ ಇರಲಿಲ್ಲ. "ಬೇಜಾರಾಗಿದ್ದರೆ ಸಾರಿ ಕಣೇ, ಬರೀ ಜೋಕು" ಅಷ್ಟೇ. ಕೂತು ತಿದ್ದಿದ ಮೇಲೆ ಹೀಗಾಯಿತು:

"ನಿನ್ನ ಮುಖ ಆ ಫೋಟೋಗೆ ಹಾಕಿದ್ದು ನಾನೇ. ನಿನ್ನ ಕೇಳಲಿಲ್ಲ. ನಿಮ್ಮತ್ತೆ, ಅಮ್ಮನ ಮುಂದೆ ನೀನು ಮಾಡದ ವಿಷಯಕ್ಕೆ ಉತ್ತರ ಕೊಡೋ ಹಾಗಾಯ್ತು, ಅದು ನನ್ನಿಂದ. ತಪ್ಪಾಯ್ತು. ಸ್ಟೇಟಸ್ ತೆಗೆದಿದ್ದೀನಿ, ನನ್ನ ಗ್ಯಾಲರಿಯಿಂದಲೂ ಅಳಿಸಿದ್ದೀನಿ. ಇಬ್ಬರು ಸೇವ್ ಮಾಡ್ಕೊಂಡಿದ್ರು, ಅಳಿಸಿದ್ವಿ ಅಂದಿದ್ದಾರೆ. ಇನ್ಯಾರ ಹತ್ರ ಇದೆಯೋ ನನಗೆ ಗೊತ್ತಾಗಲ್ಲ. ಮುಖ ಬದಲಿಸೋಕೆ ಬಳಸಿದ ಆ್ಯಪ್‌ಗೂ ನಿನ್ನ ಫೋಟೋ ಹೋಗಿದೆ, ಅಳಿಸಿ ಅಂತ ಅವರಿಗೆ ಬರೆದಿದ್ದೀನಿ. ಅದು ನಾನು ಮಾಡಿದ ಸುಳ್ಳು ಫೋಟೋ ಅಂತ ನಿಮ್ಮತ್ತೆಗೆ, ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳ್ಲಾ? ನೀನು ಹೂಂ ಅಂದ್ರೆ ಮಾತ್ರ."

ಕೊನೆಯ ಆ ಸಾಲಿಗಾಗಿ ನಾನು ಹಟ ಹಿಡಿದಿದ್ದೆ. ಕೇಳದೆ ಫೋಟೋ ಹಾಕಿದವಳು ಕೇಳದೆ ಮನೆಗೂ ಫೋನ್ ಮಾಡಿದರೆ ಅದೂ ಅದೇ ಕೆಲಸ. ಸ್ಟೇಟಸ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಸಾರಿ ಕೇಳೋದೂ ಅಷ್ಟೇ: ಫೋಟೋ ನೋಡದವರೂ "ಯಾವ ಫೋಟೋ?" ಅಂತ ಹುಡುಕೋಕೆ ಶುರು ಮಾಡ್ತಾರೆ. ಪತ್ರದ ಜೊತೆ ಆ ಫೋಟೋ ಮತ್ತೆ ಕಳಿಸಬೇಡ. "ಕ್ಷಮಿಸಿದೆ ಅನ್ನು" ಅಂತ ದುಂಬಾಲು ಬೀಳಬೇಡ. ಅವಳು ಉತ್ತರ ಕೊಡದಿದ್ದರೆ ಇನ್ನೊಂದು ಪತ್ರವೂ ಬೇಡ.

ಇದೆಲ್ಲ ಮದುವೆ ಹಾರದಂಥ ಫೋಟೋಗೆ. ಮುಖ ಸೇರಿಸಿದ್ದು ಬಟ್ಟೆಯಿಲ್ಲದ ಫೋಟೋಗಾದರೆ ಅದು ಪತ್ರದಲ್ಲಿ ಮುಗಿಯೋ ವಿಷಯ ಅಲ್ಲ. ಅವಳು 1930ಕ್ಕೆ ಫೋನ್ ಮಾಡಬಹುದು, cybercrime.gov.in ನಲ್ಲಿ ದೂರು ಕೊಡಬಹುದು. ಕಂಪ್ಲೇಂಟ್ ಕೊಡಬೇಡ ಅನ್ನೋ ಒಂದು ಸಾಲೂ ನಿನ್ನ ಪತ್ರದಲ್ಲಿ ಇರಬಾರದು.