ಅಪ್ಪ ಕ್ರೀಮ್, ಅಮ್ಮ ಮರ್ಲ್: ಹಾಗಾದರೆ ಈ ಬಿಳಿ ಮರಿ ಎಲ್ಲಿಂದ ಬಂತು?

ಬೆಂಗಳೂರಿನ ನಮ್ಮ ಕ್ಲಿನಿಕ್‌ಗೆ ಈಗ ಮರ್ಲ್ ಪೊಮೇರಿಯನ್‌ಗಳು ಜಾಸ್ತಿ ಬರುತ್ತಿವೆ. ಬೂದು ಮೈ, ಅದರ ಮೇಲೆ ಅಂಚು ಹರಿದಂಥ ಕಪ್ಪು ಮಚ್ಚೆ, ಕೆಲವಕ್ಕೆ ನೀಲಿ ಕಣ್ಣು. ಎರಡು ಮರ್ಲ್ ನಾಯಿಗಳನ್ನು ಕ್ರಾಸ್ ಮಾಡಿಸಬಾರದು ಅನ್ನೋದು ಬ್ರೀಡರ್‌ಗಳಿಗೂ ಗೊತ್ತು. ಗೊತ್ತಿದ್ದೂ ಎಡವಟ್ಟಾಗುತ್ತದೆ. ನನ್ನ ಟೇಬಲ್ ಮೇಲೆ ಬಂದ ಒಂದು ಸೂಲಿನ ಕಥೆ ಇದು.

ಫಸ್ಟ್ ಶಾಟ್‌ಗೆ ನಾಲ್ಕು ಮರಿ ಬಂದಿದ್ದವು. ಮೂರು ನೋಡಲು ಸರಿಯಾಗಿದ್ದವು. ನಾಲ್ಕನೆಯದು ಹೆಚ್ಚುಕಡಿಮೆ ಪೂರ್ತಿ ಬಿಳಿ, ಕಿವಿಯ ಹತ್ತಿರ ಮಾತ್ರ ಬೂದು ಮಚ್ಚೆ. ಅದರ ಎಡಗಣ್ಣು ಚಿಕ್ಕದಿತ್ತು, ಮೂರನೇ ರೆಪ್ಪೆ ಅರ್ಧ ಕಣ್ಣನ್ನು ಮುಚ್ಚಿತ್ತು. ಬಲಗಣ್ಣಿಗೆ ಟಾರ್ಚ್ ಹಿಡಿದೆ. ಪಾಪೆ ನಡುವಿನಲ್ಲಿರದೆ ಕೆಳಕ್ಕೆ ಜಾರಿತ್ತು, ಅಂಚು ದುಂಡಗಿರಲಿಲ್ಲ. ಕಣ್ಣು ನೀಲಿಯಾಗಿದ್ದರೆ ಅದೇ ಒಂದು ದೋಷವಲ್ಲ. ನೋಡಬೇಕಾದ್ದು ಗಾತ್ರ ಮತ್ತು ಪಾಪೆಯ ಆಕಾರ.

“ಬೇಗ ಕಾರ್ಡ್ ಬರೆದುಕೊಡಿ ಮೇಡಂ, ಬಿಳಿದಕ್ಕೆ ಗಿರಾಕಿ ಹೊರಗೆ ಕೂತಿದ್ದಾರೆ” ಅಂದರು ಬ್ರೀಡರ್.

ನಮ್ಮ ಅಸಿಸ್ಟೆಂಟ್ ಚಪ್ಪಾಳೆ ತಟ್ಟಿದ. ಬಿಳಿ ಮರಿ ತಲೆ ತಿರುಗಿಸಿತು. “ಕೇಳಿಸುತ್ತೆ ಮೇಡಂ” ಅಂದ. ಆದರೆ ಅದು ತಿರುಗಿದ್ದು ಪಕ್ಕದ ಮರಿಗಳು ಬೆಚ್ಚಿದ ಮೇಲೆ. ಹಾಗಾಗಿ ಉಳಿದವನ್ನು ಹೊರಗೆ ಕಳಿಸಿ, ಇದೊಂದನ್ನೇ ದಪ್ಪ ಚಾಪೆ ಮೇಲೆ ಬಿಟ್ಟು, ಫ್ಯಾನ್ ಆರಿಸಿ, ನಿದ್ದೆ ಹೋಗುವವರೆಗೆ ಕಾದೆವು. ಗಾಳಿ ತಾಗದಷ್ಟು ದೂರದಲ್ಲಿ, ಅದರ ಹಿಂದೆ ನಿಂತು ಕೀ ಗೊಂಚಲು ಅಲ್ಲಾಡಿಸಿದೆ. ಏನೂ ಇಲ್ಲ. ಸ್ಟೀಲ್ ಬಟ್ಟಲಿಗೆ ಚಮಚದಿಂದ ಹೊಡೆದೆ. ಕಿವಿಯೂ ಅಲುಗಲಿಲ್ಲ. ಬೆನ್ನಿನ ಮೇಲೆ ಮೆಲ್ಲಗೆ ಊದಿದ ಕೂಡಲೇ ಎದ್ದು ಕೂತಿತು. ಇನ್ನೊಂದು ಮರಿಯನ್ನು ಅದೇ ಚಾಪೆ ಮೇಲೆ ಮಲಗಿಸಿದರೆ ಕೀ ಸದ್ದಿಗೇ ಕಿವಿ ನಿಮಿರಿಸಿತು. ಅಷ್ಟು ಹೊತ್ತೂ ಬ್ರೀಡರ್ ಒಂದು ಮಾತಾಡಲಿಲ್ಲ. ಆಮೇಲೆ ಅಂದರು: “ಅಪ್ಪ ಕ್ರೀಮ್ ಮೇಡಂ. ನಾನು ಮರ್ಲ್‌ಗೆ ಮರ್ಲ್ ಹಾಕಿಲ್ಲ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಮರ್ಲ್ ಜೀನ್ ಮಸುಕು ಮಾಡುವುದು ಕಪ್ಪು, ಕಂದು ಬಣ್ಣವನ್ನು ಮಾತ್ರ. ಕೆಂಪು, ಕ್ರೀಮ್ ಬಣ್ಣಕ್ಕೆ ಅದು ಏನೂ ಮಾಡುವುದಿಲ್ಲ. ಕೂದಲಲ್ಲಿ ಕಪ್ಪೇ ಇಲ್ಲದ ಕ್ರೀಮ್ ನಾಯಿ ಮರ್ಲ್ ಆಗಿದ್ದರೂ ಹೊರಗೆ ಕಾಣುವುದಿಲ್ಲ. ಅಪ್ಪನ ಕೆನ್ನೆಯ ಒಳಗಿಂದ ಸ್ವಾಬ್ ತೆಗೆದು ಲ್ಯಾಬ್‌ಗೆ ಕಳಿಸಿದೆವು. ರಿಪೋರ್ಟ್ ಬಂತು: M/m. ಅಂದರೆ ಅಮ್ಮನ ಹಾಗೆ ಅಪ್ಪನಲ್ಲೂ ಮರ್ಲ್ ಜೀನಿನ ಒಂದು ಪ್ರತಿ ಇತ್ತು. ಬಿಳಿ ಮರಿಗೆ ಎರಡೂ ಕಡೆಯಿಂದ ಬಂದು M/M ಆಗಿತ್ತು.

ಬಣ್ಣಕ್ಕೂ ಕಿವಿಗೂ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ಬಣ್ಣ ತಯಾರಿಸುವ ಜೀವಕೋಶಗಳು ಚರ್ಮದಲ್ಲಷ್ಟೇ ಇರುವುದಿಲ್ಲ, ಒಳಕಿವಿಯಲ್ಲೂ ಇರುತ್ತವೆ. ಅಲ್ಲಿನ ದ್ರವದಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವಂತೆ ಕಾಯುವುದರಲ್ಲಿ ಅವುಗಳ ಪಾಲು ದೊಡ್ಡದು. ಎರಡು ಪ್ರತಿ ಇರುವ ಮರಿಯಲ್ಲಿ ಆ ಕೋಶಗಳು ಇಲ್ಲವಾದರೆ, ಶಬ್ದ ಹಿಡಿಯುವ ಕೂದಲುಕೋಶಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಅವು ಮತ್ತೆ ಬೆಳೆಯುವುದಿಲ್ಲ, ಔಷಧಿಯೂ ಇಲ್ಲ. ಇಂಥ ಕೆಲವು ಮರಿಗಳ ಕಣ್ಣು ಕೂಡ ಗರ್ಭದಲ್ಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ.

“ಹೋದ ಸಲ ಇದೇ ಜೋಡಿಗೆ ನಾಲ್ಕೂ ಮರಿ ಚೆನ್ನಾಗಿದ್ದವಲ್ಲ?” ಅಂತ ಬ್ರೀಡರ್ ಕೇಳಿದರು. ಒಳ್ಳೇ ಪ್ರಶ್ನೆ. M/M ಆಗುವ ಸಾಧ್ಯತೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು. ನಾಲ್ಕು ಮರಿಯ ಸೂಲಿನಲ್ಲಿ ಒಂದೂ M/M ಆಗದೆ ಇರುವ ಸಾಧ್ಯತೆ ಶೇ. 32. ಅದೂ ಅಲ್ಲದೆ M/M ಮರಿಗಳೆಲ್ಲ ಕಿವುಡಾಗುವುದಿಲ್ಲ. 2009ರಲ್ಲಿ ಜಾರ್ಜ್ ಸ್ಟ್ರೇನ್ ಮತ್ತು ಸಂಗಡಿಗರು 153 ಮರ್ಲ್ ನಾಯಿಗಳ ಕಿವಿ ಪರೀಕ್ಷೆ ಮಾಡಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಪ್ರತಿ ಇದ್ದವುಗಳಲ್ಲಿ ಸುಮಾರು ಶೇ. 3.5 ಕ್ಕೆ ಒಂದು ಕಿವಿಯೋ ಎರಡೂ ಕಿವಿಯೋ ಕೇಳಿಸುತ್ತಿರಲಿಲ್ಲ. ಎರಡು ಪ್ರತಿ ಇದ್ದವುಗಳಲ್ಲಿ ಅದು ಶೇ. 25. ಒಂದೆರಡು ಸೂಲು ಚೆನ್ನಾಗಿ ಬಂದರೆ ಜನ ಧೈರ್ಯ ಮಾಡುವುದು ಇದಕ್ಕೇ.

ಗಿರಾಕಿಯನ್ನು ಒಳಗೆ ಕರೆದು ಎಲ್ಲ ತೋರಿಸಿದೆ. ಅವರು ಮರಿ ಬೇಡ ಅಂದರು, ಅಡ್ವಾನ್ಸ್‌ಗೆ ಜಗಳವಾಯಿತು. ಮರಿ ನಮ್ಮ ಅಸಿಸ್ಟೆಂಟ್ ಅಕ್ಕನ ಮನೆ ಸೇರಿತು. ಅವರು ಕೈಸನ್ನೆಯಲ್ಲೇ ಕಲಿಸುತ್ತಿದ್ದಾರೆ, ಬೆಲ್ಟ್ ಇಲ್ಲದೆ ಬೀದಿಗೆ ಬಿಡುವುದಿಲ್ಲ. ಕ್ರೀಮ್ ಗಂಡನ್ನು ಇನ್ನು m/m, ಅಂದರೆ ಮರ್ಲ್ ಪ್ರತಿಯೇ ಇಲ್ಲ ಅಂತ ರಿಪೋರ್ಟ್ ಇರುವ ಹೆಣ್ಣಿಗೆ ಮಾತ್ರ ಕೊಡುತ್ತೇನೆ ಅಂತ ಬ್ರೀಡರ್ ಒಪ್ಪಿದ್ದಾರೆ. ಅದಕ್ಕೆ ಹುಟ್ಟುವ ಕ್ರೀಮ್ ಮರಿಗಳಿಗೂ ಸ್ವಾಬ್ ಬೇಕು.

ನಮ್ಮ ಸಾಫ್ಟ್‌ವೇರ್‌ನ ಬಣ್ಣದ ಪಟ್ಟಿಯಲ್ಲಿ ಮರ್ಲ್ ಅಂತ ಇಲ್ಲವೇ ಇಲ್ಲ. ಎಲ್ಲರೂ ಬೂದು ಅಂತಲೋ ಬಿಳಿ ಅಂತಲೋ ಒತ್ತಿ ಮುಂದೆ ಹೋಗುತ್ತಾರೆ. ಅಪ್ಪ-ಅಮ್ಮನ ರಿಪೋರ್ಟ್‌ಗೆ ಒಂದು ಕಾಲಂ ಹಾಕಿಸಿ ಅಂತ ಎಷ್ಟು ಸಲ ಕೇಳಿದರೂ ಮ್ಯಾನೇಜ್‌ಮೆಂಟ್ ಕಿವಿಗೆ ಹಾಕಿಕೊಂಡಿಲ್ಲ. ಸದ್ಯಕ್ಕೆ ಕಾರ್ಡ್ ಮೇಲೆ ಕೈಯಲ್ಲೇ ಬರೆಯುತ್ತೇನೆ. ಉಳಿದ ಮೂರು ಮರಿಗಳ ಕಾರ್ಡ್‌ನಲ್ಲಿ “ಒಂದೊಂದು ಕಿವಿಯನ್ನು ಬೇರೆಬೇರೆಯಾಗಿ ಪರೀಕ್ಷಿಸಿಲ್ಲ” ಅಂತ ಬರೆದೆ. ಒಂದೇ ಕಿವಿ ಕಿವುಡಿದ್ದರೆ ಕೀ ಗೊಂಚಲಿಗೆ ಸಿಗುವುದಿಲ್ಲ. ಅದಕ್ಕೆ ಬೇಯರ್ ಟೆಸ್ಟ್ ಮಾಡಿಸಬೇಕು. ಅದರಲ್ಲಿ ಚರ್ಮದಡಿ ಸಣ್ಣ ಸೂಜಿ ಚುಚ್ಚಿ, ಒಂದೊಂದೇ ಕಿವಿಗೆ ಟಿಕ್ ಸದ್ದು ಕೊಟ್ಟು, ಮೆದುಳಿನವರೆಗೆ ಅಲೆ ತಲುಪಿತಾ ಅಂತ ನೋಡುತ್ತಾರೆ. ಆ ಮಷಿನ್ ನಮ್ಮಲ್ಲಿಲ್ಲ.